5 ಕಿಲೋಹರ್ಟ್ಜ್‌ನಲ್ಲಿ ಏರುತ್ತದೆ, 10 ಹರ್ಟ್ಜ್‌ನಲ್ಲಿ ಇಳಿಯುತ್ತದೆ: ಸೆನ್ಸರ್ ಕೆಟ್ಟಿದೆಯಾ?

ಪ್ರಶ್ನೆ: ಪ್ರತಿ ಜಿಗೆ 100 ಮಿಲಿವೋಲ್ಟ್ ಕೊಡುವ, 80 ಗ್ರಾಂ ತೂಕದ, ಒಳಗೇ ಎಲೆಕ್ಟ್ರಾನಿಕ್ಸ್ ಇರುವ ಐಇಪಿಇ ಕಂಪನ ಸೆನ್ಸರನ್ನು ರೆಫರೆನ್ಸ್ ಆಕ್ಸಿಲರೋಮೀಟರ್ ಮೇಲೆ ಕೂರಿಸಿ ಶೇಕರ್‌ನಲ್ಲಿ ಕ್ಯಾಲಿಬ್ರೇಟ್ ಮಾಡುತ್ತಿದ್ದೇನೆ. 160 ಹರ್ಟ್ಜ್‌ನಲ್ಲಿ ಸರ್ಟಿಫಿಕೇಟ್‌ಗೆ ಸರಿಯಾಗಿ ಹೊಂದುತ್ತದೆ. 5 ಕಿಲೋಹರ್ಟ್ಜ್‌ನಲ್ಲಿ ಶೇ. 2.9 ಜಾಸ್ತಿ ಬರಬೇಕು ಅಂತ ಸರ್ಟಿಫಿಕೇಟ್ ಹೇಳುತ್ತದೆ. ನನಗೆ ಶೇ. 8 ಬಂತು, ಬಿಚ್ಚಿ ಮತ್ತೆ ಹಾಕಿದರೆ ಶೇ. 6. 10 ಹರ್ಟ್ಜ್‌ನಲ್ಲಿ ಶೇ. 2 ಕಡಿಮೆ, ಅದೂ ಒಂದು ಕಡೆ ನಿಲ್ಲುವುದಿಲ್ಲ. ರೆಫರೆನ್ಸ್‌ಗೆ ಚಾರ್ಜ್ ಆಂಪ್ಲಿಫೈಯರ್ ಇದೆ, ಸೆನ್ಸರ್ ನೇರವಾಗಿ ಅನಲೈಸರ್‌ಗೆ ಹೋಗುತ್ತದೆ. ಎರಡೂ ಚಾನೆಲ್‌ಗಳ ಒಟ್ಟು ಆರ್‌ಎಂಎಸ್ ಓದುತ್ತೇನೆ. ಸೆನ್ಸರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಬಿಚ್ಚಿ ಹಾಕಿದ ಮಾತ್ರಕ್ಕೆ ಶೇ. 8 ಇದ್ದದ್ದು ಶೇ. 6 ಆಯಿತು ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಮಾತು. ಸೆನ್ಸರ್ ಒಳಗಿನ ದೋಷ ಬಿಚ್ಚಿ ಹಾಕಿದರೆ ಬದಲಾಗುವುದಿಲ್ಲ. ಬದಲಾಗುವುದು ಸೆನ್ಸರ್ ಮತ್ತು ರೆಫರೆನ್ಸ್ ನಡುವಿನ ಜೋಡಣೆ.

ಮೊದಲು ಲೆಕ್ಕವನ್ನು ಎದುರಿಗೆ ಇಟ್ಟುಕೊಳ್ಳೋಣ. ನಾವು ಇಲ್ಲಿ ಮಾಡುತ್ತಿರುವುದು ಎರಡು ವೋಲ್ಟೇಜ್‌ಗಳ ಅನುಪಾತ ತೆಗೆಯುವುದು, ಅಷ್ಟೇ.

```
S_test = S_ref × (V_test / V_ref)
```

ಇಲ್ಲಿ S_ref ಅಂದರೆ ರೆಫರೆನ್ಸ್ ಮತ್ತು ಅದರ ಆಂಪ್ಲಿಫೈಯರ್ ಎರಡೂ ಸೇರಿದ ಸೆನ್ಸಿಟಿವಿಟಿ. ಅದು ಪ್ರತಿ ಮೀ/ಸೆ²ಗೆ 10.00 ಮಿಲಿವೋಲ್ಟ್ ಅಂತ ಇಟ್ಟುಕೊಳ್ಳಿ. 160 ಹರ್ಟ್ಜ್‌ನಲ್ಲಿ ರೆಫರೆನ್ಸ್ 100.0 ಮಿಲಿವೋಲ್ಟ್ ತೋರಿಸಿದರೆ ಶೇಕರ್ 10 ಮೀ/ಸೆ² ಆರ್‌ಎಂಎಸ್ ಕೊಡುತ್ತಿದೆ ಅಂತ ಅರ್ಥ. ಆಗ ನಿಮ್ಮ ಸೆನ್ಸರ್ 102.1 ಮಿಲಿವೋಲ್ಟ್ ಕೊಟ್ಟರೆ ಅದರ ಸೆನ್ಸಿಟಿವಿಟಿ 10.21. ಅದನ್ನು 9.80665ರಿಂದ ಗುಣಿಸಿದರೆ ಪ್ರತಿ ಜಿಗೆ 100.1 ಮಿಲಿವೋಲ್ಟ್. ಶೇಕರ್ ಎಷ್ಟು ಜೋರಾಗಿ ಅಲುಗುತ್ತದೆ ಅನ್ನುವುದು ಅನುಪಾತದಲ್ಲಿ ಬಿಟ್ಟುಹೋಗುತ್ತದೆ. ಈ ವಿಧಾನದ ಚೆಲುವು ಇರುವುದು ಅಲ್ಲೇ.

ಆದರೆ ಈ ಲೆಕ್ಕ ಸುಮ್ನೆ ಎರಡು ವಿಷಯಗಳನ್ನು ನಂಬಿಕೊಂಡಿದೆ. ಒಂದು, ಎರಡೂ ಸೆನ್ಸರ್‌ಗಳು ಒಂದೇ ಚಲನೆಯನ್ನು ಅನುಭವಿಸುತ್ತಿವೆ. ಇನ್ನೊಂದು, ಎರಡೂ ಚಾನೆಲ್‌ಗಳು ಆ ಫ್ರೀಕ್ವೆನ್ಸಿಯನ್ನು ಒಂದೇ ರೀತಿ ಅಳೆಯುತ್ತಿವೆ. 160 ಹರ್ಟ್ಜ್‌ನಲ್ಲಿ ಎರಡೂ ನಿಜ. 5 ಕಿಲೋಹರ್ಟ್ಜ್‌ನಲ್ಲಿ ಮೊದಲನೆಯದು ಕೈಕೊಡುತ್ತದೆ, 10 ಹರ್ಟ್ಜ್‌ನಲ್ಲಿ ಎರಡನೆಯದು. ನಿಮ್ಮ ಎರಡು ತೊಂದರೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಹಾಗಾಗಿ ಬೇರೆ ಬೇರೆಯಾಗಿಯೇ ನೋಡಬೇಕು.

ಏಕೆ ಹೀಗೆ ಅನ್ನುವುದಕ್ಕೆ ಚಲನೆಯ ಅಳತೆ ನೋಡಿ. ಅದೇ 10 ಮೀ/ಸೆ² ವೇಗೋತ್ಕರ್ಷಕ್ಕೆ 10 ಹರ್ಟ್ಜ್‌ನಲ್ಲಿ ಶೇಕರ್ ಸುಮಾರು 2.5 ಮಿಲಿಮೀಟರ್ ಆರ್‌ಎಂಎಸ್ ಓಡಾಡಬೇಕು. 160 ಹರ್ಟ್ಜ್‌ನಲ್ಲಿ ಸುಮಾರು 10 ಮೈಕ್ರೋಮೀಟರ್ ಸಾಕು. 5 ಕಿಲೋಹರ್ಟ್ಜ್‌ಗೆ ಬಂದರೆ ಬರೀ 10 ನ್ಯಾನೋಮೀಟರ್! ಅಷ್ಟು ಚಿಕ್ಕ ಚಲನೆಯಲ್ಲಿ ಶೇ. 5 ವ್ಯತ್ಯಾಸ ಅಂದರೆ ಅರ್ಧ ನ್ಯಾನೋಮೀಟರ್. ಎರಡು ಲೋಹದ ಮುಖಗಳ ನಡುವೆ ಒಂದು ಧೂಳಿನ ಕಣ ಕೂತರೂ ಅಷ್ಟು ಮಿಸುಕಾಟಕ್ಕೆ ಜಾಗ ಸಿಕ್ಕಿಬಿಡುತ್ತದೆ.

ಈಗ 5 ಕಿಲೋಹರ್ಟ್ಜ್‌ಗೆ ಬರೋಣ. ಸ್ಟಡ್, ಅಂದರೆ ಎರಡೂ ತುದಿಯಲ್ಲಿ ಎಳೆ ಇರುವ ಬೋಲ್ಟ್ ತುಂಡು, ಹಾಕಿ ಕೂರಿಸಿದ ಸೆನ್ಸರ್ ಸ್ಪ್ರಿಂಗ್ ಮೇಲೆ ಕೂತ ತೂಕ ಇದ್ದ ಹಾಗೆ. ಅದಕ್ಕೊಂದು ಅನುರಣನ ಫ್ರೀಕ್ವೆನ್ಸಿ ಇದೆ, ಅದನ್ನು fn ಅನ್ನೋಣ. ಅದರ ಕೆಳಗೆ ಸೆನ್ಸಿಟಿವಿಟಿ ಹೀಗೆ ಏರುತ್ತದೆ:

```
S(f) / S(160 Hz) ≈ 1 / (1 − (f/fn)²)
```

ನಿಮ್ಮ ಸರ್ಟಿಫಿಕೇಟ್‌ನ ಶೇ. 2.9 ಎಲ್ಲಿಂದ ಬಂತು ಅಂತ ಇದರಿಂದ ತಿಳಿಯುತ್ತದೆ. fn 30 ಕಿಲೋಹರ್ಟ್ಜ್ ಇದ್ದರೆ 5 ಕಿಲೋಹರ್ಟ್ಜ್‌ನಲ್ಲಿ ಸರಿಯಾಗಿ ಶೇ. 2.9 ಏರಿಕೆ ಬರುತ್ತದೆ. ಅದು ದೋಷವಲ್ಲ, ಸೆನ್ಸರ್‌ನ ಸಹಜ ಗುಣ. ಈಗ ಇದನ್ನೇ ತಿರುಗಿಸಿ. ಶೇ. 8 ಬರಬೇಕಾದರೆ fn ಎಷ್ಟಿರಬೇಕು? ಸುಮಾರು 18.4 ಕಿಲೋಹರ್ಟ್ಜ್. ಶೇ. 6ಕ್ಕೆ ಸುಮಾರು 21. ಅಂದರೆ ನಿಮ್ಮ ಜೋಡಣೆ ಒಮ್ಮೆ ಅನುರಣನವನ್ನು 18ಕ್ಕೆ ಎಳೆದಿದೆ, ಇನ್ನೊಮ್ಮೆ 21ಕ್ಕೆ. ಸರ್ಟಿಫಿಕೇಟ್ ಕೊಟ್ಟವರ ಜೋಡಣೆಯಲ್ಲಿ ಅದು 30ರಲ್ಲಿತ್ತು. ಜೋಡಣೆ ಮೆತ್ತಗಾದಷ್ಟೂ ಅನುರಣನ ಕೆಳಗಿಳಿಯುತ್ತದೆ. ಅದು ಕೆಳಗಿಳಿದಷ್ಟೂ 5 ಕಿಲೋಹರ್ಟ್ಜ್‌ನ ರೀಡಿಂಗ್ ಮೇಲೇರುತ್ತದೆ.

ಇದು ನನ್ನ ಊಹೆ ಮಾತ್ರವಾ, ನಿಜವಾ ಅಂತ ನೀವೇ ಪರೀಕ್ಷೆ ಮಾಡಬಹುದು. ಅದಕ್ಕೇ ಹಲವು ಫ್ರೀಕ್ವೆನ್ಸಿಗಳಲ್ಲಿ ಅಳೆಯುವುದು. ಜೋಡಣೆ ಮೆತ್ತಗಿದ್ದರೆ ಹೆಚ್ಚುವರಿ ತಪ್ಪು ಫ್ರೀಕ್ವೆನ್ಸಿಯ ವರ್ಗದಂತೆ ಬೆಳೆಯುತ್ತದೆ. fn 18.4 ಇರುವ ಜೋಡಣೆಯನ್ನು 30 ಇರುವ ಜೋಡಣೆಗೆ ಹೋಲಿಸಿದರೆ 1 ಕಿಲೋಹರ್ಟ್ಜ್‌ನಲ್ಲಿ ಶೇ. 0.2 ಹೆಚ್ಚುವರಿ ಬರುತ್ತದೆ. 2ರಲ್ಲಿ ಶೇ. 0.75, 3ರಲ್ಲಿ ಶೇ. 1.7, 5ರಲ್ಲಿ ಶೇ. 5. ನಿಮ್ಮ ರೀಡಿಂಗ್‌ಗಳು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರೆ ಕಾರಣ ಜೋಡಣೆಯ ಸುತ್ತಮುತ್ತಲೇ ಇದೆ. ಹಾಗಲ್ಲದೆ 1, 2, 3 ಎಲ್ಲ ಚೆನ್ನಾಗಿದ್ದು ಯಾವುದೋ ಒಂದು ಫ್ರೀಕ್ವೆನ್ಸಿಯಲ್ಲಿ ಮಾತ್ರ ಗುಂಡಿಯೋ ಗುಡ್ಡವೋ ಕಂಡರೆ ಅದು ಬೇರೆ ರೋಗ. ಆ ಫ್ರೀಕ್ವೆನ್ಸಿಯಲ್ಲಿ ಶೇಕರ್ ಮೇಲೆ ಕೆಳಗೆ ಹೋಗುವ ಜೊತೆಗೆ ಅಡ್ಡಕ್ಕೂ ತೂಗಾಡುತ್ತಿರಬಹುದು. ಅಡ್ಡ ಚಲನೆ ಮುಖ್ಯ ಚಲನೆಯ ಶೇ. 30 ಇದ್ದು, ಸೆನ್ಸರ್‌ನ ಅಡ್ಡ ಸೆನ್ಸಿಟಿವಿಟಿ ಶೇ. 3 ಇದ್ದರೆ ಶೇ. 1ರಷ್ಟು ತಪ್ಪು ಸೇರುತ್ತದೆ. ಸೆನ್ಸರನ್ನು 180 ಡಿಗ್ರಿ ತಿರುಗಿಸಿ ಮತ್ತೆ ಓದಿ. ಗುಡ್ಡ ಗುಂಡಿಯಾದರೆ ಅಡ್ಡ ಚಲನೆಯೇ ಕಾರಣ.

ಜೋಡಣೆ ಮೆತ್ತಗಾಗುವುದು ಹೇಗೆ? ನಾನು ಎಲ್ಲಕ್ಕಿಂತ ಹೆಚ್ಚು ಸಲ ನೋಡಿರುವುದು ಸ್ಟಡ್ ತಳ ಮುಟ್ಟುವುದು. ಸ್ಟಡ್ ಸ್ವಲ್ಪ ಉದ್ದವಿರುತ್ತದೆ, ಇಲ್ಲವೇ ರಂಧ್ರದ ತಳದಲ್ಲಿ ಹಳೆಯ ಗ್ರೀಸ್ ಮತ್ತು ಲೋಹದ ಚೂರು ಕೂತಿರುತ್ತದೆ. ಟಾರ್ಕ್ ವ್ರೆಂಚ್ ಕ್ಲಿಕ್ ಅನ್ನುತ್ತದೆ, ಸೆನ್ಸರ್ ಗಟ್ಟಿಯಾಗಿ ಕೂತ ಹಾಗೆ ಕಾಣುತ್ತದೆ. ಆದರೆ ಆ ಬಿಗಿ ಪೂರ್ತಿ ಸ್ಟಡ್ ಮೇಲೆ ಇದೆ. ಎರಡು ಮುಖಗಳು ಒಂದನ್ನೊಂದು ಸರಿಯಾಗಿ ಒತ್ತುತ್ತಲೇ ಇಲ್ಲ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಲ್ಯಾಬ್‌ನಲ್ಲಿ ಹೀಗೇ ಆಗಿ, ಒಳ್ಳೆಯ ಸೆನ್ಸರನ್ನು ಕೆಟ್ಟಿದೆ ಅಂತ ಬರೆದು ಪಕ್ಕಕ್ಕಿಟ್ಟಿದ್ದೆವು. ವಾರದ ನಂತರ ಇನ್ನೊಂದು ಸ್ಟಡ್ ಹಾಕಿ ನೋಡಿದಾಗ ಅದು ಸರಿಯಾಗಿಯೇ ಇತ್ತು. ಆ ವಾರದಲ್ಲಿ ಅದೇ ಸ್ಟಡ್‌ನಲ್ಲಿ ಅಳೆದ ಉಳಿದ ಸೆನ್ಸರ್‌ಗಳನ್ನೆಲ್ಲ ಮತ್ತೆ ಅಳೆಯಬೇಕಾಯಿತು. ಅಂದಿನಿಂದ ನಾನು ಸ್ಟಡ್ ಉದ್ದ ಮತ್ತು ಎರಡೂ ರಂಧ್ರಗಳ ಆಳವನ್ನು ಕ್ಯಾಲಿಪರ್‌ನಲ್ಲಿ ಅಳೆಯದೆ ಮುಂದೆ ಹೋಗುವುದಿಲ್ಲ.

ಎರಡನೆಯ ಕಾರಣ ಅಡಾಪ್ಟರ್. ನಿಮ್ಮಂಥ ಸೆನ್ಸರ್‌ಗಳ ಎಳೆ ಸಾಮಾನ್ಯವಾಗಿ ಕಾಲು ಇಂಚಿನ 28 ಎಳೆ. ರೆಫರೆನ್ಸ್‌ನ ಎಳೆ ಕೆಲವೊಮ್ಮೆ ಸಣ್ಣದು, 10-32. ನಡುವೆ ಅಡಾಪ್ಟರ್ ತುಂಡು ಇಟ್ಟರೆ ಒಂದು ಜೋಡಣೆ ಇದ್ದಲ್ಲಿ ಎರಡಾಗುತ್ತದೆ. ಸಾಧ್ಯವಾದರೆ ಎರಡು ಎಳೆಯ ಒಂದೇ ಸ್ಟಡ್ ಬಳಸಿ, ಮುಖಕ್ಕೆ ಮುಖ ತಾಗಲಿ. ಗ್ರೌಂಡ್ ತೊಂದರೆ ತಪ್ಪಿಸಲು ಕೆಲವರು ಇನ್ಸುಲೇಟ್ ಮಾಡಿದ ಸ್ಟಡ್ ಹಾಕುತ್ತಾರೆ. ಅದೂ ಮೆತ್ತಗಿನ ಪದರವೇ. 1 ಕಿಲೋಹರ್ಟ್ಜ್‌ವರೆಗೆ ಪರವಾಗಿಲ್ಲ, 5ಕ್ಕೆ ಬೇಡ.

ಕೂರಿಸುವ ಕ್ರಮ ಹೀಗಿರಲಿ. ಎರಡೂ ಮುಖಗಳನ್ನು ಸಾಲ್ವೆಂಟ್‌ನಲ್ಲಿ ಒರೆಸಿ. ಬೆಳಕಿಗೆ ಓರೆಯಾಗಿ ಹಿಡಿದು ಗೀರು, ಅಂಚಿನ ಮುಳ್ಳು ಇದೆಯಾ ನೋಡಿ. ಉಗುರಿಗೆ ತಾಗುವ ಮುಳ್ಳು ಇದ್ದರೆ ಅದನ್ನು ತೆಗೆಯದೆ ಕೂರಿಸಬೇಡಿ. ಆಮೇಲೆ ತೆಳು ಎಣ್ಣೆ ಅಥವಾ ಸಿಲಿಕೋನ್ ಗ್ರೀಸ್, ಒಂದೇ ಹನಿ. ಅದು ಅಂಟಲ್ಲ. ಎರಡು ಮುಖಗಳ ನಡುವಿನ ಕಣ್ಣಿಗೆ ಕಾಣದ ಗಾಳಿಯ ಸಂದುಗಳನ್ನು ತುಂಬುವುದಕ್ಕೆ ಅಷ್ಟೇ. ಜಾಸ್ತಿ ಹಾಕಿದರೆ ಅದೇ ಒಂದು ಮೆತ್ತೆಯಾಗುತ್ತದೆ. ಟಾರ್ಕ್ ಎಷ್ಟು ಅನ್ನುವುದನ್ನು ಸೆನ್ಸರ್ ತಯಾರಿಸಿದವರ ಹಾಳೆಯಲ್ಲಿ ನೋಡಿ. 10-32 ಎಳೆಗೆ ಸುಮಾರು 2 ನ್ಯೂಟನ್ ಮೀಟರ್, ಕಾಲು ಇಂಚಿಗೆ ಸಾಮಾನ್ಯವಾಗಿ 3ರಿಂದ 7ರ ನಡುವೆ. ಬಿಗಿಯುವಾಗ ಒಂದು ಸ್ಪ್ಯಾನರ್‌ನಲ್ಲಿ ರೆಫರೆನ್ಸ್‌ನ ಮೈಯನ್ನು ಹಿಡಿದುಕೊಳ್ಳಿ. ಇಲ್ಲದಿದ್ದರೆ ತಿರುಚುವ ಬಲ ಪೂರ್ತಿ ಶೇಕರ್‌ನ ಒಳಗಿನ ತೆಳು ಸ್ಪ್ರಿಂಗ್ ಪಟ್ಟಿಗಳ ಮೇಲೆ ಬೀಳುತ್ತದೆ. ಕೇಬಲ್ಲನ್ನು ಸಡಿಲವಾಗಿ ಬಿಟ್ಟು ಅಲುಗದ ಜಾಗಕ್ಕೆ ಟೇಪ್ ಹಾಕಿ.

ಹೀಗೆ ಕೂರಿಸಿ ಓದಿ, ಪೂರ್ತಿ ಬಿಚ್ಚಿ ಒರೆಸಿ ಮತ್ತೆ ಕೂರಿಸಿ ಓದಿ. ಒಟ್ಟು ಮೂರು ಸಲ. ಈ ಮೂರು ಸಂಖ್ಯೆಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅನ್ನುವುದು ಸರಾಸರಿಗಿಂತ ಮುಖ್ಯ. ಉದಾಹರಣೆಗೆ 5 ಕಿಲೋಹರ್ಟ್ಜ್‌ನಲ್ಲಿ 3.6, 3.4, 3.5 ಬಂದವು ಅಂತ ಇಟ್ಟುಕೊಳ್ಳಿ. ಜೋಡಣೆ ಸರಿಯಾಯಿತು. ಆದರೂ ಸರ್ಟಿಫಿಕೇಟ್‌ನ 2.9ಕ್ಕಿಂತ 0.6 ಜಾಸ್ತಿ ಉಳಿದಿದೆ, ಅಲ್ವಾ? ಅದೂ ಪ್ರತಿ ಸಲ ಅಷ್ಟೇ. ಇಲ್ಲಿ ಜೋಡಣೆಯಲ್ಲದ ಇನ್ನೊಂದು ಕಾರಣ ಬರುತ್ತದೆ: ನಿಮ್ಮ ಸೆನ್ಸರ್‌ನ ತೂಕ.

80 ಗ್ರಾಂ ತೂಕ ರೆಫರೆನ್ಸ್‌ನ ತಲೆಯ ಮೇಲೆ ಕೂತು ಅಲುಗುವಾಗ ರೆಫರೆನ್ಸ್‌ನ ಉಕ್ಕಿನ ಮೈ ಕೂಡ ಸ್ವಲ್ಪ ಕುಗ್ಗಿ ಹಿಗ್ಗುತ್ತದೆ. ಹಾಗಾಗಿ ಮೇಲಿನ ಮುಖ, ಒಳಗಿನ ಅಳೆಯುವ ಭಾಗಕ್ಕಿಂತ ತುಸು ಜಾಸ್ತಿ ಚಲಿಸುತ್ತದೆ. ಎಷ್ಟು ಅಂತ ಕೈಯಲ್ಲೇ ಲೆಕ್ಕ ಹಾಕಬಹುದು. 2 ಚದರ ಸೆಂಟಿಮೀಟರ್ ಅಡ್ಡಕೊಯ್ತದ, 1 ಸೆಂಟಿಮೀಟರ್ ಎತ್ತರದ ಉಕ್ಕಿನ ಕಂಬದ ಬಿಗಿತನ:

```
k = E·A/L = 2×10¹¹ × 2×10⁻⁴ / 0.01 = 4×10⁹ N/m
m·ω²/k = 0.08 × (2π×5000)² / 4×10⁹ ≈ 0.02
```

ಅಂದರೆ ಶೇ. 2! ಗಟ್ಟಿ ಉಕ್ಕಿನ ತುಂಡೇ ಇಷ್ಟು ಕುಗ್ಗುತ್ತದೆ. ಇದನ್ನು ತಪ್ಪಿಸಲೆಂದೇ ಇಂಥ ರೆಫರೆನ್ಸ್‌ಗಳಲ್ಲಿ ಅಳೆಯುವ ಭಾಗವನ್ನು ತಲೆಕೆಳಗಾಗಿ, ಮೇಲಿನ ಮುಖದ ಕೆಳಗೇ ತೂಗುಹಾಕಿರುತ್ತಾರೆ. ಅಂತರ 1 ಸೆಂಟಿಮೀಟರ್ ಬದಲು 3 ಮಿಲಿಮೀಟರ್ ಆದರೆ ಈ ತಪ್ಪು ಶೇ. 0.6ಕ್ಕೆ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ. ಇದೂ ಫ್ರೀಕ್ವೆನ್ಸಿಯ ವರ್ಗದಂತೆಯೇ ಬೆಳೆಯುತ್ತದೆ. ಆದ್ದರಿಂದ ಬರೀ ಏರಿಕೆಯ ಆಕಾರ ನೋಡಿ ಇದನ್ನೂ ಕೆಟ್ಟ ಜೋಡಣೆಯನ್ನೂ ಬೇರೆ ಮಾಡಲಾಗದು. ಬೇರೆ ಮಾಡುವುದು ಮರುಜೋಡಣೆ. ಜೋಡಣೆಯ ತಪ್ಪು ಪ್ರತಿ ಸಲ ಬೇರೆ ಸಂಖ್ಯೆ ಕೊಡುತ್ತದೆ. ತೂಕದ ತಪ್ಪು ಪ್ರತಿ ಸಲ ಅದೇ ಸಂಖ್ಯೆ ಕೊಡುತ್ತದೆ.

ತೂಕದ ತಪ್ಪನ್ನು ತಿದ್ದಬಹುದು. ನಿಮ್ಮ ರೆಫರೆನ್ಸ್‌ನ ಸರ್ಟಿಫಿಕೇಟ್ ತೆಗೆದು ನೋಡಿ. ಲೇಸರ್‌ನಿಂದ ಅಳೆಯುವಾಗ ಅದರ ಮೇಲೆ ತೂಕ ಇಟ್ಟಿದ್ದರಾ, ಇಟ್ಟಿದ್ದರೆ ಎಷ್ಟು ಗ್ರಾಂ ಅಂತ ಬರೆದಿರಬೇಕು. 20 ಗ್ರಾಂ ತೂಕ ಇಟ್ಟು ಅಳೆದ ರೆಫರೆನ್ಸ್ ಮೇಲೆ ನೀವು 80 ಗ್ರಾಂ ಇಟ್ಟರೆ ಆ 60 ಗ್ರಾಂ ವ್ಯತ್ಯಾಸಕ್ಕೆ ತಿದ್ದುಪಡಿ ಬೇಕು. ತಯಾರಕರು ತೂಕದ ತಿದ್ದುಪಡಿಯ ಗ್ರಾಫ್ ಕೊಟ್ಟಿದ್ದರೆ ಅದನ್ನೇ ಬಳಸಿ, ನನ್ನ ಕಂಬದ ಲೆಕ್ಕ ಅಂದಾಜಿಗೆ ಮಾತ್ರ. ಸರ್ಟಿಫಿಕೇಟ್ ಕೈಯಲ್ಲಿದ್ದಾಗಲೇ ಇನ್ನೊಂದನ್ನೂ ನೋಡಿಬಿಡಿ: ಪ್ರತಿ ಫ್ರೀಕ್ವೆನ್ಸಿಗೂ ರೆಫರೆನ್ಸ್‌ನ ಆಯಾ ಸಂಖ್ಯೆಯನ್ನೇ ಹಾಕುತ್ತಿದ್ದೀರಾ, ಇಲ್ಲಾ 160 ಹರ್ಟ್ಜ್‌ನ ಒಂದೇ ಸಂಖ್ಯೆಯನ್ನು ಎಲ್ಲಕ್ಕೂ ಹಾಕುತ್ತಿದ್ದೀರಾ? ರೆಫರೆನ್ಸ್‌ನ ಸೆನ್ಸಿಟಿವಿಟಿಯೂ ಮೇಲೆ ಹೋದಂತೆ ಏರುತ್ತದೆ. ಅದನ್ನು ಮರೆತರೆ ನಿಮ್ಮ ಸೆನ್ಸರ್ ಕಡಿಮೆ ಕಾಣುತ್ತದೆ, ಜಾಸ್ತಿ ಅಲ್ಲ. ನಿಮಗೆ ಬಂದ ತಪ್ಪಿನ ದಿಕ್ಕು ಅದಲ್ಲ, ಆದರೆ ಎರಡು ತಪ್ಪುಗಳು ಒಂದನ್ನೊಂದು ಸ್ವಲ್ಪ ಮುಚ್ಚಿ ಹಾಕಿರಬಹುದು.

ಇನ್ನು 10 ಹರ್ಟ್ಜ್. ಇಲ್ಲಿ ಜೋಡಣೆಗೆ ಏನೂ ಸಂಬಂಧವಿಲ್ಲ. ಎರಡು ಚಾನೆಲ್‌ಗಳು ಬೇರೆ ಬೇರೆ ಥರದವು ಅನ್ನುವುದೇ ತೊಂದರೆ. ಐಇಪಿಇ ಇನ್‌ಪುಟ್‌ನಲ್ಲಿ ಡಿಸಿ ತಡೆಯುವ ಕೆಪಾಸಿಟರ್ ಇರುತ್ತದೆ, ಅದು ಕೆಳಗಿನ ಫ್ರೀಕ್ವೆನ್ಸಿಗಳನ್ನು ಮೆಲ್ಲಗೆ ಕತ್ತರಿಸುತ್ತದೆ. ಕತ್ತರಿಸುವ ಫ್ರೀಕ್ವೆನ್ಸಿ 2 ಹರ್ಟ್ಜ್ ಇದ್ದರೆ 10 ಹರ್ಟ್ಜ್‌ನಲ್ಲಿ ಶೇ. 1.9 ಕಡಿಮೆಯಾಗುತ್ತದೆ. ನಿಮ್ಮ ಶೇ. 2ಕ್ಕೆ ಇದು ಎಷ್ಟು ಹತ್ತಿರ ನೋಡಿ. ರೆಫರೆನ್ಸ್‌ನ ಚಾರ್ಜ್ ಆಂಪ್ಲಿಫೈಯರ್ 0.2 ಹರ್ಟ್ಜ್‌ಗೆ ಸೆಟ್ ಆಗಿದ್ದರೆ ಅದು ಏನೂ ಕಳೆದುಕೊಳ್ಳುವುದಿಲ್ಲ. ಹಾಗಾಗಿ ಅನುಪಾತದಲ್ಲಿ ಇದು ಹೋಗುವುದಿಲ್ಲ. ಪರೀಕ್ಷೆ ಸುಲಭ. 20 ಹರ್ಟ್ಜ್ ಮತ್ತು 5 ಹರ್ಟ್ಜ್‌ನಲ್ಲೂ ಓದಿ. ಇದೇ ಕಾರಣವಾದರೆ 20ರಲ್ಲಿ ಶೇ. 0.5 ಕಡಿಮೆ ಬರಬೇಕು, 5ರಲ್ಲಿ ಶೇ. 7. ಅನಲೈಸರ್‌ನ ಈ ಕುಸಿತವನ್ನು ಸಿಗ್ನಲ್ ಜನರೇಟರ್ ಇಟ್ಟು ಒಮ್ಮೆ ಅಳೆದು ತಿದ್ದಬೇಕು. ಆದರೆ ಸೆನ್ಸರ್ ಒಳಗಿನ ಎಲೆಕ್ಟ್ರಾನಿಕ್ಸ್‌ಗೂ ತನ್ನದೇ ಕುಸಿತ ಇರುತ್ತದೆ, ಅದನ್ನು ತಿದ್ದಬೇಡಿ. ಅದು ಸೆನ್ಸರ್‌ನದೇ ಗುಣ, ಸರ್ಟಿಫಿಕೇಟ್‌ನಲ್ಲಿ ಬರಲೇಬೇಕು.

ರೀಡಿಂಗ್ ನಿಲ್ಲದೆ ಕುಣಿಯುವುದು ಇನ್ನೊಂದು ವಿಷಯ. 10 ಹರ್ಟ್ಜ್‌ನಲ್ಲಿ 10 ಮೀ/ಸೆ² ಬೇಕಾದರೆ ಶೇಕರ್ ತುದಿಯಿಂದ ತುದಿಗೆ 7 ಮಿಲಿಮೀಟರ್ ಓಡಬೇಕು. ಸಣ್ಣ ಶೇಕರ್‌ಗಳಿಗೆ ಅಷ್ಟು ಜಾಗ ಇರುವುದಿಲ್ಲ. ನೀವು 1 ಮೀ/ಸೆ²ಗೆ ಇಳಿಸಿರುತ್ತೀರಿ. ಆಗ ಎರಡೂ ಚಾನೆಲ್‌ಗಳಲ್ಲಿ ಸಿಗ್ನಲ್ ಬರೀ 10 ಮಿಲಿವೋಲ್ಟ್. ಅದರಲ್ಲಿ 2 ಮಿಲಿವೋಲ್ಟ್ 50 ಹರ್ಟ್ಜ್ ಗುಂಗು ಸೇರಿದರೆ ಒಟ್ಟು ಆರ್‌ಎಂಎಸ್ 10.2 ಆಗುತ್ತದೆ, ಶೇ. 2 ತಪ್ಪು. ಗುಂಗು ರೆಫರೆನ್ಸ್ ಚಾನೆಲ್‌ನಲ್ಲಿದ್ದರೆ ನಿಮ್ಮ ಸೆನ್ಸರ್ ಶೇ. 2 ಕಡಿಮೆ ಕಾಣುತ್ತದೆ. ಅದೇ 2 ಮಿಲಿವೋಲ್ಟ್ ಗುಂಗು 160 ಹರ್ಟ್ಜ್‌ನಲ್ಲಿ 100 ಮಿಲಿವೋಲ್ಟ್ ಸಿಗ್ನಲ್ ಜೊತೆ ಸೇರಿದರೆ ಶೇ. 0.02 ಮಾತ್ರ. ಅದಕ್ಕೇ ಅಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ಇದನ್ನು ಕೆಪಾಸಿಟರ್‌ನ ಕುಸಿತದಿಂದ ಬೇರೆ ಮಾಡಲು ಫ್ರೀಕ್ವೆನ್ಸಿ ಬದಲಿಸದೆ ಲೆವೆಲ್ ಮಾತ್ರ ಬದಲಿಸಿ. 1ರಿಂದ 2 ಮೀ/ಸೆ²ಗೆ ಏರಿಸಿದಾಗ ತಪ್ಪು ಕಾಲು ಭಾಗಕ್ಕೆ ಇಳಿದರೆ ಅದು ಗುಂಗು. ಅಲ್ಲೇ ನಿಂತರೆ ಕೆಪಾಸಿಟರ್.

ಒಟ್ಟು ಆರ್‌ಎಂಎಸ್ ಓದುವುದನ್ನು ದಯವಿಟ್ಟು ನಿಲ್ಲಿಸಿ. ಶೇಕರ್ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಶುದ್ಧ ಸೈನ್ ಕೊಡುವುದಿಲ್ಲ. 20, 30 ಹರ್ಟ್ಜ್‌ನ ಹಾರ್ಮೋನಿಕ್‌ಗಳೂ ಜೊತೆಗೆ ಬರುತ್ತವೆ, ಅವೂ ಒಟ್ಟು ಲೆಕ್ಕದಲ್ಲಿ ಸೇರುತ್ತವೆ. ಎಫ್‌ಎಫ್‌ಟಿಯಲ್ಲಿ ಡ್ರೈವ್ ಮಾಡಿದ ಫ್ರೀಕ್ವೆನ್ಸಿಯ ಗೆರೆಯನ್ನು ಮಾತ್ರ ಎರಡೂ ಚಾನೆಲ್‌ನಿಂದ ತೆಗೆದು ಅನುಪಾತ ಮಾಡಿ. 10 ಹರ್ಟ್ಜ್‌ನಲ್ಲಿ 10 ಸೆಕೆಂಡ್ ತೆಗೆದುಕೊಂಡರೆ ಸರಿಯಾಗಿ 100 ಸುತ್ತು ಸಿಗುತ್ತದೆ, ರೀಡಿಂಗ್ ಸುಮ್ಮನಾಗುತ್ತದೆ. ಕರೆಂಟಿನ 50 ಹರ್ಟ್ಜ್ ಮತ್ತು ಅದರ ಗುಣಕಗಳ ಮೇಲೆ ಎಂದೂ ಅಳೆಯಬೇಡಿ. 80, 160ರಂಥ ಸಂಖ್ಯೆಗಳು ಅವುಗಳಿಂದ ದೂರ ಇರುತ್ತವೆ. 160ಕ್ಕೆ ಇನ್ನೊಂದು ಅನುಕೂಲವೂ ಇದೆ: 159.15 ಹರ್ಟ್ಜ್‌ನಲ್ಲಿ ಕೋನೀಯ ವೇಗ ಸರಿಯಾಗಿ 1000. ಹಾಗಾಗಿ 10 ಮೀ/ಸೆ² ಅಂದರೆ 10 ಮಿಮೀ/ಸೆ, ಅಂದರೆ 10 ಮೈಕ್ರೋಮೀಟರ್. ಕೈಯಲ್ಲಿ ಹಿಡಿಯುವ ಚಿಕ್ಕ ಕ್ಯಾಲಿಬ್ರೇಟರ್‌ಗಳು 159.2 ಹರ್ಟ್ಜ್ ಅನ್ನುವುದು ಇದಕ್ಕೇ.

ಇಷ್ಟೆಲ್ಲ ಮಾಡಿಯೂ ಸೆನ್ಸರ್ ಮೇಲೆ ಅನುಮಾನ ಉಳಿದರೆ, ನಿಜವಾಗಿ ಕೆಟ್ಟ ಸೆನ್ಸರ್ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಕೆಳಗೆ ಬಿದ್ದು ಒಳಗಿನ ಕ್ರಿಸ್ಟಲ್ ಬಿರುಕು ಬಿಟ್ಟಿದ್ದರೆ ಅಥವಾ ಅದನ್ನು ಒತ್ತಿಟ್ಟ ಬಿಗಿ ಸಡಿಲಾಗಿದ್ದರೆ ಅದರ ಅನುರಣನ ಶಾಶ್ವತವಾಗಿ ಕೆಳಗಿಳಿದಿರುತ್ತದೆ. 5 ಕಿಲೋಹರ್ಟ್ಜ್‌ನ ಏರಿಕೆ ಎಷ್ಟು ಸಲ ಬಿಚ್ಚಿ ಹಾಕಿದರೂ, ಯಾವ ಸ್ಟಡ್ ಹಾಕಿದರೂ ಅಷ್ಟೇ ಬರುತ್ತದೆ. ಆದರೆ ಅದೇ ತೂಕದ ಇನ್ನೊಂದು ಸೆನ್ಸರ್ ಅದೇ ಜಾಗದಲ್ಲಿ ಸರಿಯಾಗಿ ಓದುತ್ತದೆ. ಹೆಚ್ಚಿನ ಸಲ 160 ಹರ್ಟ್ಜ್‌ನ ಸಂಖ್ಯೆಯೂ ಹಳೆಯ ಸರ್ಟಿಫಿಕೇಟ್‌ನಿಂದ ಸರಿದಿರುತ್ತದೆ. ಐಇಪಿಇ ಬಯಾಸ್ ವೋಲ್ಟೇಜ್ ಕೂಡ ನೋಡಿ. ಸಾಮಾನ್ಯವಾಗಿ ಅದು 8ರಿಂದ 12 ವೋಲ್ಟ್ ನಡುವೆ ನಿಲ್ಲುತ್ತದೆ. ಅದು ತೇಲಾಡುತ್ತಿದ್ದರೆ ಎಲೆಕ್ಟ್ರಾನಿಕ್ಸ್ ಅಥವಾ ಕೇಬಲ್ ಸರಿಯಿಲ್ಲ. ನಿಮ್ಮ ಸೆನ್ಸರ್‌ನ 160 ಹರ್ಟ್ಜ್ ಸಂಖ್ಯೆ ಅಲುಗಿಲ್ಲ. ಮೊದಲು ಆ ಸ್ಟಡ್‌ನ ಉದ್ದ ಅಳೆಯಿರಿ.